ಈ ರಿವ್ಯೂ ಈ ವಸ್ತುವಿನದ್ದೇ? ಪವರ್ ಬ್ಯಾಂಕ್ ಪುಟವೊಂದನ್ನು ಇಟ್ಟುಕೊಂಡು ಪರೀಕ್ಷಿಸುವ ಕ್ರಮ

ಶಾಪಿಂಗ್ ಪುಟದ ರಿವ್ಯೂಗಳಲ್ಲಿ ಮೋಸ ಮೂರು ಬಗೆಯದು. ವಸ್ತುವನ್ನು ಮುಟ್ಟಿಯೂ ನೋಡದವರು ಬರೆದದ್ದು ಒಂದು. ವಸ್ತುವನ್ನು ನಿಜವಾಗಿ ಕೊಂಡವರೇ ಕ್ಯಾಶ್‌ಬ್ಯಾಕ್ ಆಸೆಗೆ ಐದು ಸ್ಟಾರ್ ಒತ್ತಿದ್ದು ಇನ್ನೊಂದು. ಮೂರನೆಯದರಲ್ಲಿ ರಿವ್ಯೂ ಅಪ್ಪಟ ಸತ್ಯವೇ ಆಗಿರುತ್ತದೆ, ಆದರೆ ಅದು ಬೇರೊಂದು ವಸ್ತುವಿನ ರಿವ್ಯೂ. ಹೆಚ್ಚಿನವರು ಭಾಷೆ ನೋಡಿ ಮೋಸ ಹಿಡಿಯಲು ಹೊರಡುತ್ತಾರೆ. ಮೂರನೆಯ ಬಗೆಯಲ್ಲಿ ಭಾಷೆ ಅಸಲಿಯಾಗಿರುವುದರಿಂದ ಅಲ್ಲಿಯೇ ಏಮಾರುತ್ತಾರೆ. ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಶುರು ಮಾಡಬೇಕು. ರಿವ್ಯೂ ಈ ವಸ್ತುವಿನದ್ದೇ ಅಲ್ಲ ಎಂದಾದರೆ ಬರೆದವರು ಯಾರು, ಯಾಕೆ ಬರೆದರು ಎಂದು ಕೆದಕುವ ಕೆಲಸವೇ ಉಳಿಯುವುದಿಲ್ಲ.

ಉದಾಹರಣೆಗೆ ಒಂದು ಕಲ್ಪಿತ ಪುಟ ಇಟ್ಟುಕೊಳ್ಳೋಣ. ಹೆಸರೇ ಕೇಳಿರದ ಬ್ರ್ಯಾಂಡಿನ 20,000 ಎಂಎಎಚ್ ಪವರ್ ಬ್ಯಾಂಕ್, 4.3 ಸ್ಟಾರ್, ಎರಡು ಸಾವಿರಕ್ಕೂ ಮೇಲ್ಪಟ್ಟ ರೇಟಿಂಗ್. ಬೆಲೆ ಹೆಸರಾಂತ ಕಂಪನಿಗಳದ್ದಕ್ಕಿಂತ ಅರ್ಧ. ಪುಟದ ವಿವರಗಳು ಅಮೆಜಾನ್ ಮಾದರಿಯವು, ಫ್ಲಿಪ್‌ಕಾರ್ಟ್‌ನಲ್ಲಿ ಬೇರೆಯಾಗುವ ಕಡೆ ಹಾಗೆಂದು ಹೇಳಿದೆ.

ಮೊದಲನೆಯದು: ಬೇರೆ ವಸ್ತುವಿನ ರಿವ್ಯೂ ಬಂದು ಕೂತಿದೆಯೇ?

ಇದು ಹೇಗೆ ಆಗುತ್ತದೆ ಎಂದು ತಿಳಿದರೆ ಹುಡುಕುವುದು ಸುಲಭ. ಒಂದೇ ಅಂಗಿಯ ಐದು ಸೈಜ್, ನಾಲ್ಕು ಬಣ್ಣಗಳಿಗೆ ಬೇರೆ ಬೇರೆ ಪುಟ ಬೇಡವೆಂದು ಅಂಗಡಿ ತಾಣಗಳು ಅವನ್ನೆಲ್ಲ ಒಂದೇ ಪುಟದಡಿ ಸೇರಿಸುತ್ತವೆ. ರಿವ್ಯೂಗಳೂ ಒಟ್ಟಾಗುತ್ತವೆ. ಅಂಗಿಗೆ ಇದು ಸರಿಯಾದ ವ್ಯವಸ್ಥೆ. ದುರುಪಯೋಗ ಮಾಡುವ ಮಾರಾಟಗಾರ ಏನು ಮಾಡುತ್ತಾನೆಂದರೆ, ಹಳೆಯ, ಚೆನ್ನಾಗಿ ಮಾರಿಹೋದ ಮೊಬೈಲ್ ಕವರ್ ಪುಟಕ್ಕೆ ಹೊಸ ಪವರ್ ಬ್ಯಾಂಕನ್ನು 'ಇನ್ನೊಂದು ಬಣ್ಣ' ಎಂಬಂತೆ ಸೇರಿಸುತ್ತಾನೆ. ಇಲ್ಲವೇ ಕವರ್ ಪುಟದ ಶೀರ್ಷಿಕೆ, ಫೋಟೊ, ವಿವರಣೆಯನ್ನು ಒಂದೊಂದಾಗಿ ಬದಲಿಸುತ್ತಾ ಅದನ್ನೇ ಪವರ್ ಬ್ಯಾಂಕ್ ಪುಟವನ್ನಾಗಿ ಮಾಡುತ್ತಾನೆ. ಎರಡರಲ್ಲೂ ಕವರ್ ಗಳಿಸಿದ ಸ್ಟಾರ್‌ಗಳು ಹೊಸ ವಸ್ತುವಿನ ಖಾತೆಗೆ ಬರುತ್ತವೆ. ಇದು ಬೀದಿಬದಿ ಮಾರಾಟಗಾರರ ಆಟ ಮಾತ್ರವಲ್ಲ. ಅಮೆರಿಕದಲ್ಲಿ ವಿಟಮಿನ್ ಮಾತ್ರೆ ತಯಾರಿಸುವ ಬೌಂಟಿಫುಲ್ ಕಂಪನಿ ಅಮೆಜಾನ್‌ನಲ್ಲಿ ಹೊಸ ಉತ್ಪನ್ನಗಳನ್ನು ಹಳೆಯ, ಹೆಸರು ಮಾಡಿದ ಉತ್ಪನ್ನಗಳ ಜೊತೆ ಹೀಗೆ ಸೇರಿಸಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕ್ರಮ ಕೈಗೊಂಡಿತು. ಪ್ರಕರಣ 6 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು.

ಪರೀಕ್ಷೆ ಹೀಗೆ. ಪುಟದಲ್ಲಿ ತಾನಾಗಿ ಕಾಣುವ ಎಂಟು–ಹತ್ತು ರಿವ್ಯೂಗಳನ್ನು ಓದಿ ನಿಲ್ಲಿಸಬೇಡಿ. ಅವು Top reviews, ಅಂದರೆ ತಾಣ ಆರಿಸಿ ಮುಂದಿಟ್ಟವು. ಲಾಗಿನ್ ಆಗಿ ಎಲ್ಲ ರಿವ್ಯೂಗಳ ಪುಟ ತೆರೆದು, ವಿಂಗಡಣೆಯನ್ನು Most recent ಎಂದು ಬದಲಿಸಿ. ಅಮೆಜಾನ್‌ನಲ್ಲಿ ಹಳೆಯದರಿಂದ ಹೊಸದಕ್ಕೆ ಎಂಬ ವಿಂಗಡಣೆ ಇಲ್ಲ. ಹಾಗಾಗಿ ಐದು ಸ್ಟಾರ್ ಮಾತ್ರ, ನಾಲ್ಕು ಸ್ಟಾರ್ ಮಾತ್ರ ಎಂದು ಒಂದೊಂದಾಗಿ ಸೋಸಿ, ಪ್ರತಿಸಲವೂ ಹಿಂದಿನ ಪುಟಗಳಿಗೆ ಹೋಗುತ್ತಾ ಸಾಧ್ಯವಾದಷ್ಟು ಹಳೆಯದನ್ನು ತಲುಪಿ. ಅಲ್ಲಿ ನಾಲ್ಕು ಸಂಗತಿ ಗಮನಿಸಿ.

ಒಂದು, ನಾಮಪದಗಳು. ಹೊಗಳಿಕೆ ಬಿಟ್ಟು ವಸ್ತುವಿನ ಹೆಸರನ್ನಷ್ಟೇ ಹುಡುಕಿ. 'ಫಿಟ್ಟಿಂಗ್ ಚೆನ್ನಾಗಿದೆ', 'ಕ್ಯಾಮೆರಾ ಕಟೌಟ್ ಸರಿಯಾಗಿದೆ', 'ಅಂಚು ಬಣ್ಣ ಬಿಡುತ್ತದೆ' ಎಂದು ಪವರ್ ಬ್ಯಾಂಕ್ ಬಗ್ಗೆ ಯಾರೂ ಬರೆಯುವುದಿಲ್ಲ. ಪುಟದಲ್ಲಿ ರಿವ್ಯೂ ಹುಡುಕುವ ಪೆಟ್ಟಿಗೆ ಇದ್ದರೆ `cover`, `case`, `cable`, `fitting` ಎಂಬ ಪದಗಳನ್ನು ಹಾಕಿ ನೋಡಿ, ಎರಡು ನಿಮಿಷದ ಕೆಲಸ.

ಎರಡು, ರಿವ್ಯೂ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲು. ಯಾವ ಬಣ್ಣ, ಯಾವ ಸೈಜ್ ಕೊಂಡರು ಎಂಬುದು ಅಲ್ಲಿರುತ್ತದೆ. ನೀವು ನೋಡುತ್ತಿರುವುದು 20,000 ಎಂಎಎಚ್‌ನದ್ದು, ಮೆಚ್ಚಿಕೊಂಡವರೆಲ್ಲ ಕೊಂಡದ್ದು 10,000ದ್ದು ಎಂದಾದರೆ ಅದು ಮೋಸವಲ್ಲದಿದ್ದರೂ ನಿಮಗೆ ಉಪಯೋಗವಿಲ್ಲದ ಮೆಚ್ಚುಗೆ. ಫ್ಲಿಪ್‌ಕಾರ್ಟ್‌ನಲ್ಲೂ ಬೇರೆ ಬೇರೆ ಬಣ್ಣ, ಬೇರೆ ಸ್ಟೋರೇಜ್‌ನ ಫೋನ್‌ಗಳ ರಿವ್ಯೂ ಒಟ್ಟಿಗೇ ಬರುತ್ತವೆ. ಅಂಥಲ್ಲಿ ಈ ಸಾಲಿಗೇ ಹೆಚ್ಚು ಬೆಲೆ.

ಮೂರು, ಗ್ರಾಹಕರು ಹಾಕಿದ ಫೋಟೊಗಳು. ಮಾರಾಟಗಾರ ತನ್ನ ಫೋಟೊ ಬದಲಿಸಬಲ್ಲ, ಗ್ರಾಹಕರ ಫೋಟೊ ಅವನ ಕೈಯಲ್ಲಿಲ್ಲ. ಪೋರ್ಟ್‌ಗಳ ಸಂಖ್ಯೆ, ಬಟನ್ ಇರುವ ಜಾಗ, ಲೋಗೊ ಇವು ಪುಟದ ಮೇಲಿನ ಫೋಟೊಗೆ ಹೊಂದುತ್ತವೆಯೇ ನೋಡಿ.

ನಾಲ್ಕು, ದಿನಾಂಕ. ವಸ್ತುವಿನ ವಿವರಗಳ ಪಟ್ಟಿಯಲ್ಲಿ Date First Available ಎಂಬ ಸಾಲು ಇರುತ್ತದೆ. ಮೊದಲ ರಿವ್ಯೂ ಅದಕ್ಕಿಂತ ಹಿಂದಿನದಾಗಿದ್ದರೆ ಪುಟಗಳನ್ನು ಬೆಸೆದಿದ್ದಾರೆ ಎಂಬ ಅನುಮಾನ ಬಲವಾಗುತ್ತದೆ. ಪುಟವನ್ನೇ ಬದಲಿಸಿದ್ದರೆ ಈ ದಿನಾಂಕ ಹಳೆಯದೇ ಉಳಿದಿರಬಹುದು. ಆಗ ತಿರುಗಿಸಿ ಕೇಳಿ: ಪುಟ 2016ರದ್ದು ಎನ್ನುತ್ತದೆ, ಆದರೆ ಪೆಟ್ಟಿಗೆಯ ಮೇಲೆ ಇತ್ತೀಚಿನ ಫೋನ್‌ಗಳ ಹೆಸರು, ಈಚಿನ ಫಾಸ್ಟ್ ಚಾರ್ಜಿಂಗ್ ಎಂದಿದೆ. ಅಂಥ ವಸ್ತು ಆಗ ಇತ್ತೇ?

ಇನ್‌ಸ್ಟಾಗ್ರಾಂ ಜಾಹೀರಾತು ಒತ್ತಿದರೆ ತೆರೆಯುವ ಸ್ವಂತ ಅಂಗಡಿ ತಾಣಗಳಲ್ಲಿ ನಕಲಿನ ದಾರಿ ಬೇರೆ. ಅಲಿಎಕ್ಸ್‌ಪ್ರೆಸ್‌ನಂಥ ತಾಣಗಳ ರಿವ್ಯೂಗಳನ್ನು ಫೋಟೊ ಸಮೇತ ಎತ್ತಿ ತರುವ ಸಾಫ್ಟ್‌ವೇರ್ ಸಿಗುತ್ತದೆ, ಕಡಿಮೆ ಸ್ಟಾರ್‌ನವನ್ನು ತರದಂತೆ ಹೊಂದಿಸಿಕೊಳ್ಳಲೂ ಬರುತ್ತದೆ. ಅಲ್ಲಿ ಫೋಟೊದ ಹಿನ್ನೆಲೆ ನೋಡಿ: ಗೋಡೆಯ ಪ್ಲಗ್ ನಮ್ಮ ದುಂಡು ರಂಧ್ರದ್ದಲ್ಲ, ಪಾರ್ಸೆಲ್ ಮೇಲಿನ ವಿಳಾಸ ಬೇರೆ ಲಿಪಿಯಲ್ಲಿದೆ, ಆದರೆ ಬರೆದವರ ಹೆಸರು ಮಾತ್ರ ನಮ್ಮ ಊರಿನವರದ್ದು. ಆ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಮೂಲ ಪುಟ ಸಿಗುವುದುಂಟು. ಪಠ್ಯವನ್ನೂ ಹೀಗೆ ಹುಡುಕಬಹುದು. ರಿವ್ಯೂನಿಂದ ವಿಶಿಷ್ಟವಾದ ಎಂಟು–ಹತ್ತು ಪದಗಳ ಒಂದು ತುಂಡನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಸಿಕ್ಕರೆ ಪ್ರಶ್ನೆ ಮುಗಿಯಿತು. ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಎಲ್ಲ ರಿವ್ಯೂ ಪುಟಗಳೂ ಸರ್ಚ್‌ನಲ್ಲಿ ಬರುವುದಿಲ್ಲ.

ಒಂದು ಎಚ್ಚರಿಕೆ. ಅಮೆಜಾನ್ ಪುಟದಲ್ಲಿ ಬೇರೆ ದೇಶಗಳ ರಿವ್ಯೂಗಳು ಪ್ರತ್ಯೇಕ ತಲೆಬರಹದಡಿ ಕಾಣುವುದು ನಕಲಲ್ಲ, ಅದೇ ವಸ್ತು ಅಲ್ಲಿಯೂ ಮಾರಾಟದಲ್ಲಿದೆ ಎಂದಷ್ಟೇ ಅರ್ಥ.

ಎರಡನೆಯದು: ಆಸೆ ತೋರಿಸಿ ಬರೆಸಿದ್ದೇ?

ನಮ್ಮಲ್ಲಿ ಇದರ ಸಾಮಾನ್ಯ ರೂಪ ಪೆಟ್ಟಿಗೆಯೊಳಗಿನ ಚೀಟಿ. ವಿಸಿಟಿಂಗ್ ಕಾರ್ಡ್ ಅಳತೆಯ ಬಣ್ಣದ ಕಾರ್ಡು. 'ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟನ್ನು ಈ ವಾಟ್ಸಾಪ್ ನಂಬರ್‌ಗೆ ಕಳಿಸಿ, ಕ್ಯಾಶ್‌ಬ್ಯಾಕ್ ಪಡೆಯಿರಿ' ಎಂದಿರುತ್ತದೆ. ಕೆಲವದರ ಮೇಲೆ ವಾರಂಟಿ ನೋಂದಣಿ ಎಂಬ ಹೆಸರಿರುತ್ತದೆ, ಕೇಳುವುದು ಮಾತ್ರ ಅದೇ ಸ್ಕ್ರೀನ್‌ಶಾಟ್. ಇನ್ನೂ ದೊಡ್ಡ ಪ್ರಮಾಣದ್ದು ಟೆಲಿಗ್ರಾಂ, ಫೇಸ್‌ಬುಕ್ ಗುಂಪುಗಳಲ್ಲಿ ನಡೆಯುತ್ತದೆ. ಪೂರ್ತಿ ಹಣ ಕೊಟ್ಟು ಆರ್ಡರ್ ಮಾಡಿ, ರಿವ್ಯೂ ಹಾಕಿ, ಆಮೇಲೆ ಹಣ ಯುಪಿಐನಲ್ಲಿ ವಾಪಸ್.

ಇದರಿಂದಾಗಿಯೇ Verified Purchase ಅಥವಾ ಫ್ಲಿಪ್‌ಕಾರ್ಟ್‌ನ Certified Buyer ಮುದ್ರೆಯನ್ನು ಅದು ಹೇಳುವಷ್ಟಕ್ಕೇ ನಂಬಬೇಕು. ಈ ಖಾತೆಯಿಂದ ಈ ವಸ್ತು ಇಲ್ಲಿ ಖರೀದಿಯಾಗಿದೆ ಎಂದಷ್ಟೇ ಅದು ಹೇಳುತ್ತದೆ. ಹಣ ಹೊರಗಿನಿಂದ ಮರಳಿ ಬಂತೇ ಎಂಬುದು ತಾಣಕ್ಕೆ ಕಾಣುವುದಿಲ್ಲ. ಮುದ್ರೆಯಿಲ್ಲದ ಐದು ಸ್ಟಾರ್‌ಗಳನ್ನು ಬದಿಗಿಡಲು ಅದು ಸಾಕು, ಮುದ್ರೆಯಿರುವುದನ್ನು ಒಪ್ಪಿಕೊಳ್ಳಲು ಸಾಲದು. ಯಾರೂ ಆರ್ಡರ್ ಮಾಡದ ಪಾರ್ಸೆಲ್ ಯಾರದೋ ಮನೆಗೆ ಬರುವುದುಂಟಲ್ಲ, ಅದರ ಹಿಂದೆಯೂ ಹಲವು ಸಲ ಇದೇ ಲೆಕ್ಕ. ನಕಲಿ ಖಾತೆಯಿಂದ 'ಖರೀದಿ' ತೋರಿಸಿ ಮುದ್ರೆ ಸಂಪಾದಿಸಲು ಎಲ್ಲಾದರೂ ಒಂದು ವಿಳಾಸಕ್ಕೆ ಏನಾದರೂ ಕಳಿಸಲೇಬೇಕು.

ಚೀಟಿಯ ಕುರುಹು ಸಿಗುವುದು ಮೆಚ್ಚಿದವರ ಹತ್ತಿರ ಅಲ್ಲ, ಸಿಟ್ಟಾದವರ ಹತ್ತಿರ. ಒಂದು, ಎರಡು ಸ್ಟಾರ್ ರಿವ್ಯೂಗಳನ್ನು ಮಾತ್ರ ಸೋಸಿ, `cashback`, `card`, `voucher`, `whatsapp` ಎಂದು ಹುಡುಕಿ. 'ಐದು ಸ್ಟಾರ್ ಕೊಟ್ಟೆ, ದುಡ್ಡು ಬರಲಿಲ್ಲ, ಈಗ ಒಂದು ಸ್ಟಾರ್' ಎಂದೋ, 'ರಿವ್ಯೂ ತೆಗೆಯಿರಿ ಅಂತ ಫೋನ್ ಮೇಲೆ ಫೋನ್' ಎಂದೋ ಬರೆದವರು ಸಿಗುತ್ತಾರೆ. ಗ್ರಾಹಕರ ಫೋಟೊಗಳ ನಡುವೆ ಆ ಕಾರ್ಡಿನ ಚಿತ್ರವೇ ಕಾಣಿಸುವುದೂ ಉಂಟು. ಇಬ್ಬರು ಬೇರೆ ಬೇರೆ ತಿಂಗಳಲ್ಲಿ ಇದನ್ನು ಹೇಳಿದ್ದರೆ ಪೆಟ್ಟಿಗೆ ಪೆಟ್ಟಿಗೆಗೂ ಚೀಟಿ ಹೋಗಿದೆ ಎಂದು ಹಿಡಿಯಬಹುದು.

ಇನ್ನೊಂದು ಕುರುಹು ಬರೆದ ಸಮಯ. ಚೀಟಿ ನೋಡಿದವರು ಪೆಟ್ಟಿಗೆ ಒಡೆದ ದಿನವೇ ಬರೆಯುತ್ತಾರೆ. ಹಾಗಾಗಿ ಅವರ ಮಾತು 'ಡೆಲಿವರಿ ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿದೆ, ನೋಡೋಕೆ ಸೂಪರ್' ಎಂಬಲ್ಲಿಗೆ ನಿಲ್ಲುತ್ತದೆ. ಸುಳ್ಳಲ್ಲ, ಆದರೆ ಅದು ಕೊರಿಯರ್‌ನವರ ಬಗೆಗಿನ ರಿವ್ಯೂ. ಇಂಥವನ್ನು ಸುಮ್ಮನೆ ಲೆಕ್ಕದಿಂದ ಕಳೆಯಿರಿ.

ಅಮೆಜಾನ್ 2016ರಲ್ಲಿ ಉಚಿತ ವಸ್ತು ಕೊಟ್ಟು ರಿವ್ಯೂ ಬರೆಸುವುದನ್ನು ನಿಷೇಧಿಸಿ ತನ್ನದೇ ವೈನ್ ಎಂಬ ಯೋಜನೆಯನ್ನಷ್ಟೇ ಉಳಿಸಿಕೊಂಡಿತು. ಅದರಲ್ಲಿ ಬರೆದವುಗಳ ಮೇಲೆ Vine Customer Review of Free Product ಎಂದು ಸ್ಪಷ್ಟವಾಗಿ ಇರುತ್ತದೆ. ಬಚ್ಚಿಟ್ಟದ್ದಲ್ಲವಾದ್ದರಿಂದ ತಳ್ಳಿಹಾಕಬೇಕಿಲ್ಲ. ಆದರೆ ಬೆಲೆಗೆ ತಕ್ಕಂತಿದೆ ಎಂಬ ಮಾತನ್ನು ಬೆಲೆ ಕೊಡದವರಿಂದ ತೆಗೆದುಕೊಳ್ಳಬೇಡಿ, ಬಿಸಿಯಾಗುತ್ತದೆ, ಕೇಬಲ್ ಗಿಡ್ಡ ಎಂಬಂಥ ವಿವರ ಮಾತ್ರ ತೆಗೆದುಕೊಳ್ಳಿ.

ಮೂರನೆಯದು: ಬಳಸದೆಯೇ ಬರೆದದ್ದೇ?

ಇಲ್ಲಿ ಭಾಷೆಯನ್ನು ನೆಚ್ಚಿಕೊಂಡರೆ ಎರಡೂ ಕಡೆ ತಪ್ಪುತ್ತೀರಿ. 'Nice product' ಎಂಬ ಎರಡೇ ಪದದ ರಿವ್ಯೂ ನಕಲಿಯಾಗಿರಬೇಕಿಲ್ಲ, ನಮ್ಮವರು ಬರೆಯುವುದೇ ಹಾಗೆ. ಇಂಗ್ಲಿಷ್ ತಪ್ಪಿದ್ದರೂ ಅಷ್ಟೇ. ಫ್ಲಿಪ್‌ಕಾರ್ಟ್‌ನಲ್ಲಿ 'Terrific purchase', 'Just wow!' ಎಂಬ ಶೀರ್ಷಿಕೆಗಳು ನೂರಾರು ಜನರದ್ದು ಒಂದೇ ಇರುವುದನ್ನು ನೋಡಿ ಹಲವರು ಮೋಸ ಎಂದುಕೊಳ್ಳುತ್ತಾರೆ. ಅವು ಸ್ಟಾರ್‌ಗೆ ತಕ್ಕಂತೆ ತಾಣವೇ ಇಡುವ ಸಿದ್ಧ ಶೀರ್ಷಿಕೆಗಳು, ಬರೆದವರದ್ದಲ್ಲ. ಭಾಷೆಯಲ್ಲಿ ಅನುಮಾನಿಸಬೇಕಾದ್ದು ಒಂದೇ: ವಸ್ತುವಿನ ಮಾರುದ್ದದ ಪೂರ್ಣ ಹೆಸರನ್ನು ರಿವ್ಯೂನೊಳಗೆ ಮತ್ತೆ ಮತ್ತೆ ಬರೆಯುವುದು. ಕೊಂಡವರು ಅದನ್ನು 'ಇದು' ಎನ್ನುತ್ತಾರೆ, ಹೆಚ್ಚೆಂದರೆ 'ಪವರ್ ಬ್ಯಾಂಕ್' ಎನ್ನುತ್ತಾರೆ.

ಭಾಷೆಗಿಂತ ಗಟ್ಟಿಯಾದದ್ದು ವಸ್ತುವಿನ ಗುಣ. ಬಳಸಿದವರಿಗೆ ಗೊತ್ತಾಗದೇ ಇರಲು ಸಾಧ್ಯವೇ ಇಲ್ಲದ ಒಂದೆರಡು ಸಂಗತಿ ಪ್ರತಿ ವಸ್ತುವಿಗೂ ಇರುತ್ತವೆ. ರಿವ್ಯೂ ಓದುವ ಮೊದಲು ಅವನ್ನು ತಿಳಿದುಕೊಳ್ಳಬೇಕು. ಪವರ್ ಬ್ಯಾಂಕಿಗೆ ಅವು ತೂಕ, ಎಷ್ಟು ಸಲ ಚಾರ್ಜ್ ಆಗುತ್ತದೆ, ತಾನು ತುಂಬಲು ಎಷ್ಟು ಹೊತ್ತು ಬೇಕು ಎಂಬ ಮೂರು.

20,000 ಎಂಎಎಚ್ ಎಂಬುದು ಒಳಗಿನ ಸೆಲ್‌ಗಳ ಅಳತೆ, ಸುಮಾರು 3.7 ವೋಲ್ಟ್‌ನಲ್ಲಿ. ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್-ಅವರ್. ಇಷ್ಟನ್ನು ಹಿಡಿಯುವ ಸೆಲ್‌ಗಳು, ಹೊರಕವಚ ಎಲ್ಲ ಸೇರಿ 350ರಿಂದ 450 ಗ್ರಾಂ ತೂಗುತ್ತವೆ, ಹೆಚ್ಚುಕಡಿಮೆ ಎರಡು ಫೋನಿನ ಭಾರ. 'ತುಂಬಾ ಹಗುರ, ಶರ್ಟ್ ಜೇಬಲ್ಲಿ ಕೂರುತ್ತೆ' ಎಂದು ಬರೆದವರ ಕೈಯಲ್ಲಿ ಒಂದೋ ಆ ವಸ್ತು ಇಲ್ಲ, ಇಲ್ಲವೇ ಅದರೊಳಗೆ ಅಷ್ಟು ಸೆಲ್ ಇಲ್ಲ. ಎರಡೂ ನಿಮಗೆ ಬೇಕಾದ ಮಾಹಿತಿಯೇ. ಪುಟದ ವಿವರದಲ್ಲಿ Item Weight ಸಾಲನ್ನೂ ನೋಡಿ, ಕೆಲವು ಸಲ ಮಾರಾಟಗಾರರೇ 200 ಗ್ರಾಂ ಎಂದು ಬರೆದುಬಿಟ್ಟಿರುತ್ತಾರೆ.

ಮುಂದಿನದು ಚಾರ್ಜ್ ಲೆಕ್ಕ. 5,000 ಎಂಎಎಚ್ ಫೋನಿಗೆ ನಾಲ್ಕು ಸಲ ಎಂದು ಭಾಗಿಸಿ ಹೇಳುವುದು ಜಾಹೀರಾತಿನ ಗಣಿತ. ವೋಲ್ಟೇಜ್ ಏರಿಸುವಾಗ, ಕೇಬಲ್‌ನಲ್ಲಿ, ಫೋನ್ ಬಿಸಿಯಾಗುವಾಗ ಒಂದಷ್ಟು ಸೋರಿಹೋಗುತ್ತದೆ. ನಿಜವಾಗಿ ಸಿಗುವುದು ಎರಡೂವರೆಯಿಂದ ಮೂರು ಸಲ. ಹಾಗಾಗಿ ಅಂಥ ಫೋನ್ 'ಐದು ಸಲ ಫುಲ್ ಆಯ್ತು' ಎಂಬ ಐದು ಸ್ಟಾರ್ ರಿವ್ಯೂ ಬಳಸಿ ಬರೆದದ್ದಲ್ಲ. 'ಎರಡೂವರೆ ಸಲ ಬರುತ್ತೆ, ಹೇಳಿದಷ್ಟು ಇಲ್ಲ' ಎಂದು ಗೊಣಗಿದ ಮೂರು ಸ್ಟಾರ್ ರಿವ್ಯೂ ಮಾತ್ರ ನಿಜವಾದ 20,000ವನ್ನೇ ಬಳಸಿದವರದ್ದು. ಆ ಗೊಣಗಾಟ ವಸ್ತುವಿನ ಪರವಾದ ಸಾಕ್ಷಿ! ಇನ್ನು ತುಂಬುವ ಹೊತ್ತು: 18 ವಾಟ್ ಚಾರ್ಜರ್‌ನಲ್ಲಿ ಐದಾರು ತಾಸು, ಹಳೆಯ 10 ವಾಟ್‌ನದ್ದರಲ್ಲಿ ಒಂದು ರಾತ್ರಿ ಪೂರ್ತಿ. 'ಒಂದು ತಾಸಿಗೆ ಫುಲ್' ಎಂದರೆ ನಂಬುವಂತಿಲ್ಲ.

ಅನುಮಾನ ಬಂದ ರಿವ್ಯೂ ಬರೆದವರ ಹೆಸರನ್ನು ಒತ್ತಿದರೆ ಅವರ ಇತರ ರಿವ್ಯೂಗಳು ಕಾಣಬಹುದು, ಕೆಲವರು ಮರೆಮಾಡಿರುತ್ತಾರೆ. ಒಂದೇ ದಿನ ಪವರ್ ಬ್ಯಾಂಕ್, ಕೂದಲೆಣ್ಣೆ, ಬಾಗಿಲ ಪರದೆ, ಎಲ್ಲವೂ ಹೆಸರಿಲ್ಲದ ಬ್ರ್ಯಾಂಡ್, ಎಲ್ಲಕ್ಕೂ ಐದು ಸ್ಟಾರ್ ಎಂದಿದ್ದರೆ ಅದು ಹಣದ ಕೆಲಸ. ದಿನಾಂಕಗಳ ಗುಂಪನ್ನೂ ನೋಡಿ. ವಾರಕ್ಕೆ ಒಂದೆರಡು ರಿವ್ಯೂ ಬರುವ ಪುಟದಲ್ಲಿ ಎರಡೇ ದಿನದಲ್ಲಿ ಹತ್ತು ಬಂದಿದ್ದರೆ ಕಾರಣ ಬೇಕು. ಹಬ್ಬದ ಸೇಲ್ ಮುಗಿದ ವಾರವಾದರೆ ಅದೇ ಕಾರಣ, ಆಗ ಸ್ಟಾರ್‌ಗಳು ಐದರಿಂದ ಒಂದರವರೆಗೆ ಹರಡಿರುತ್ತವೆ. ಕೊಂಡು ತಂದ ಗುಂಪಿನಲ್ಲಿ ಎಲ್ಲವೂ ಐದು, ಬಹಳವೆಂದರೆ ಒಂದೆರಡು ನಾಲ್ಕು.

ಲೆಕ್ಕ ಹಾಕೋಣ

ನಮ್ಮ ಕಲ್ಪಿತ ಪುಟದಲ್ಲಿ ಇತ್ತೀಚಿನ 40 ರಿವ್ಯೂ ಓದಿದೆವು ಎನ್ನೋಣ. 9 ಮೊಬೈಲ್ ಕವರ್ ಬಗ್ಗೆ ಇವೆ, ಸಾಲಿನಲ್ಲಿ 'ಕಪ್ಪು, ಪ್ಯಾಕ್ ಆಫ್ 1' ಎಂದಿದೆ. ಎರಡು ದಿನಗಳ ಒಂದೇ ಗುಂಪಿನಲ್ಲಿ ಬಂದ ಐದು ಸ್ಟಾರ್‌ಗಳು 11. ಪ್ಯಾಕಿಂಗ್, ಡೆಲಿವರಿ ಬಿಟ್ಟು ಬೇರೇನೂ ಹೇಳದವು 6. ಇವನ್ನು ಕಳೆದರೆ 14 ಉಳಿಯುತ್ತವೆ. ಅವುಗಳಲ್ಲಿ ಐದು ಸ್ಟಾರ್ 3, ನಾಲ್ಕು ಸ್ಟಾರ್ 2, ಮೂರು ಸ್ಟಾರ್ 2, ಎರಡು ಸ್ಟಾರ್ 1, ಒಂದು ಸ್ಟಾರ್ 6. ಕೂಡಿಸಿದರೆ 37, ಹದಿನಾಲ್ಕರಿಂದ ಭಾಗಿಸಿದರೆ ಸುಮಾರು 2.6. ಮೇಲೆ ಕಾಣುತ್ತಿದ್ದದ್ದು 4.3.

ಹದಿನಾಲ್ಕು ಬಹಳ ಕಡಿಮೆ, ಆದ್ದರಿಂದ 2.6 ಎಂಬ ಅಂಕಿಗೆ ಅಂಟಿಕೊಳ್ಳಬೇಡಿ. ಅಮೆಜಾನ್ ಕೂಡ ಸರಳ ಸರಾಸರಿ ತೋರಿಸುವುದಿಲ್ಲ, ರಿವ್ಯೂ ಎಷ್ಟು ಹೊಸದು, ಖರೀದಿ ಖಚಿತವೇ ಎಂಬುದನ್ನೆಲ್ಲ ತೂಗಿ ಸ್ಟಾರ್ ಕೊಡುತ್ತದೆ. ತೀರ್ಮಾನ ನಿಲ್ಲಬೇಕಾದ್ದು ಆ ಆರು ಒಂದು-ಸ್ಟಾರ್‌ಗಳ ಒಳಗೆ. ಅವರಲ್ಲಿ ನಾಲ್ಕು ಜನ 'ಫೋನ್ ಒಂದು ಸಲವೂ ಪೂರ್ತಿ ತುಂಬಲ್ಲ' ಎಂದು, ಬೇರೆ ಬೇರೆ ತಿಂಗಳುಗಳಲ್ಲಿ, ಬೇರೆ ಬೇರೆ ಮಾತಿನಲ್ಲಿ ಹೇಳಿದ್ದರೆ ಒಳಗಿರುವುದು 20,000 ಅಲ್ಲ. 'ವೇಸ್ಟ್, ಫ್ರಾಡ್, ತಗೋಬೇಡಿ' ಎಂದಷ್ಟೇ ಬೈದು ಒಂದೂ ವಿವರ ಕೊಡದ ಒಂದು ಸ್ಟಾರ್‌ಗಳನ್ನು ಇದೇ ತೂಕಕ್ಕೆ ಇಡಬೇಡಿ. ಪಕ್ಕದ ಅಂಗಡಿಯವನು ಬರೆಸಿದ್ದೂ ಇರಬಹುದು.

ಇನ್ನು ತೀರ್ಪು. ಚೀಟಿ ಹಾಕಿ ಬರೆಸಿದ ಪುಟದಲ್ಲೂ ವಸ್ತು ಚೆನ್ನಾಗಿರಬಹುದು. ಆ ರಿವ್ಯೂಗಳನ್ನು ಕಳೆದು ಉಳಿದವನ್ನು ಓದಿ ನಿರ್ಧರಿಸಿ. ಪುಟವನ್ನೇ ಕದ್ದು ಬದಲಿಸಿದ್ದು ಕಂಡರೆ ಮುಂದೆ ಓದುವುದೇ ಬೇಡ, ಬಿಟ್ಟುಬಿಡಿ. ಲಿಂಕ್ ಹಾಕಿದರೆ ರಿವ್ಯೂಗಳಿಗೆ ಅಂಕ ಕೊಡುತ್ತಿದ್ದ ಫೇಕ್‌ಸ್ಪಾಟ್ ತಾಣ 2025ರ ಜುಲೈನಲ್ಲಿ ಮುಚ್ಚಿತು. ಹಳೆಯ ಲೇಖನಗಳಲ್ಲಿ ಅದರ ಸಲಹೆ ಇನ್ನೂ ಕಾಣುತ್ತದೆ, ಹುಡುಕಿಕೊಂಡು ಹೋಗಬೇಡಿ.

ಕೊಂಡಾಗಿದ್ದರೆ, ದೂರು ಕೊಡುವುದಿದ್ದರೆ

ಪೆಟ್ಟಿಗೆ ಬಂದ ದಿನವೇ ತೂಗಿ ನೋಡಿ, ಅಡುಗೆಮನೆಯ ತಕ್ಕಡಿಯಾದರೂ ಸಾಕು. ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಕವಚದ ಮೇಲೆ `R-` ಎಂದು ಶುರುವಾಗುವ ಎಂಟಂಕಿಯ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ತಯಾರಕರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಸಂಖ್ಯೆ ಮೊಬೈಲ್ ಚಾರ್ಜರ್‌ನದ್ದಾಗಿದ್ದರೆ ಇಲ್ಲಿಯೂ ನಕಲು ನಡೆದಿದೆ.

ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಹಾಕುವುದನ್ನು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ರಿವ್ಯೂ ಸಂಗ್ರಹಿಸಿ ಪ್ರಕಟಿಸುವ ಬಗೆಗೆ ಬಿಐಎಸ್ 2022ರಲ್ಲಿ `IS 19000:2022` ಎಂಬ ಮಾನದಂಡವನ್ನೂ ತಂದಿತು, ತಂದಾಗ ಅದು ಐಚ್ಛಿಕವಾಗಿತ್ತು. ಮೊದಲು ರಿವ್ಯೂ ಕೆಳಗಿನ Report ಒತ್ತಿ. ನಿಮ್ಮ ಹಣ ಸಿಕ್ಕಿಹಾಕಿಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ `consumerhelpline.gov.in`ನಲ್ಲಿ ದೂರು ದಾಖಲಿಸಿ. ಆರ್ಡರ್ ಸಂಖ್ಯೆ, ಮಾರಾಟಗಾರನ ಹೆಸರು, ಪುಟದ ವಿಳಾಸ ಕಾಣುವಂಥ ಸ್ಕ್ರೀನ್‌ಶಾಟ್, ಬೇರೆ ವಸ್ತುವಿನ ರಿವ್ಯೂಗಳು ದಿನಾಂಕ ಸಮೇತ, ಚೀಟಿಯಿದ್ದರೆ ಎರಡೂ ಬದಿಯ ಫೋಟೊ ಇಟ್ಟುಕೊಂಡಿರಿ. ಸ್ಕ್ರೀನ್‌ಶಾಟ್‌ಗಳನ್ನು ಮಾರಾಟಗಾರನಿಗೆ ಮೆಸೇಜ್ ಮಾಡುವ ಮೊದಲೇ ತೆಗೆಯಿರಿ, ಆಮೇಲೆ ಪುಟ ಬದಲಾಗಿಬಿಟ್ಟಿರುತ್ತದೆ.